ಪೂಜೆಗೆ ಬರಲ್ಲ, ಊಟಕ್ಕೆ ಬರ್ತೀನಿ

ದೇವರನ್ನು ನಂಬದವರು ಬೇರೆ ಯಾವ ಪೂಜೆಯಿಂದಲಾದರೂ ತಪ್ಪಿಸಿಕೊಳ್ಳಬಹುದು. ಸತ್ಯನಾರಾಯಣ ಪೂಜೆ ಕಷ್ಟ. ನಮ್ಮಂಥವರಿಗೆ ಏನಾಗುತ್ತದೆ ಅಂತ ಅದರ ಕಥೆಯಲ್ಲೇ ಇದೆ. ಹರಕೆ ಹೊತ್ತು ಮುಂದೂಡುತ್ತಾ ಹೋದ ಸಾಧು ಎಂಬ ವ್ಯಾಪಾರಿ, ಅಳಿಯನ ಸಮೇತ ಸೆರೆಮನೆ ಸೇರುತ್ತಾನೆ. ಮಗಳು ಕಲಾವತಿ ಪ್ರಸಾದ ಬಿಟ್ಟು ಗಂಡನನ್ನು ನೋಡಲು ಓಡಿದರೆ, ಹಡಗೇ ಮಾಯ. ಐದನೇ ಅಧ್ಯಾಯದ ತುಂಗಧ್ವಜ ರಾಜನೋ, ದನಗಾಹಿಗಳು ಕೊಟ್ಟ ಪ್ರಸಾದ ಮುಟ್ಟದೆ ಹೋಗಿ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಳ್ಳುತ್ತಾನೆ.

ಗೆಳೆಯ ಹೊಸ ಮನೆಯಲ್ಲಿ ಈ ಪೂಜೆ ಇಟ್ಟುಕೊಂಡ. ನೆಪ ಹೇಳುವ ಹಾಗಿರಲಿಲ್ಲ. ಜ್ವರ ಅಂದರೆ ಸಂಜೆಗೆ ಪ್ರಸಾದದ ಡಬ್ಬಿ ಹಿಡಿದು ಅವರಮ್ಮನೇ ಬರುತ್ತಾರೆ. ಆಫೀಸು ಅಂದರೆ ಇನ್ನೂ ಅಪಾಯ. ಹುಣ್ಣಿಮೆ ಬಿಟ್ಟು, "ನಿನಗೋಸ್ಕರ ಭಾನುವಾರ ಇಟ್ಕೊಂಡಿದ್ದೀವಿ" ಅಂದುಬಿಟ್ಟರೆ ಮುಗಿಯಿತು!

ಹಾಗಾಗಿ ಕರೆಯಲು ಬಂದ ದಿನವೇ ಹೇಳಿದೆ. "ಮಗಾ, ನನಗೆ ನಂಬಿಕೆ ಇಲ್ಲ ಅಂತ ಗೊತ್ತಲ್ಲ. ನೀನು ಭಕ್ತಿಯಿಂದ ಕೂತಿರುವಾಗ ಪಕ್ಕದಲ್ಲಿ ನಾನು ಸುಮ್ನೆ ಕೈಮುಗಿದು ನಾಟಕ ಆಡಲ್ಲ. ಹಿಂದಿನ ದಿನದ ಮಾರ್ಕೆಟ್ ಕೆಲಸ ಪೂರ್ತಿ ನಂದು."

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಊಟಕ್ಕಾದ್ರೂ ಬಾ. ಹನ್ನೆರಡೂವರೆಗೆ ಎಲ್ಲಾ ಮುಗಿದಿರುತ್ತೆ" ಅಂದ.

ಬಾಳೆಕಂದು, ಮಾವಿನಸೊಪ್ಪು, ವೀಳ್ಯದೆಲೆ, ತುಳಸಿ ಎಲ್ಲ ತಂದೆ. ಪ್ರಸಾದದ ಸಜ್ಜಿಗೆಗೆ ಎಲ್ಲವೂ ಒಂದೂಕಾಲು ಅಳತೆ. ಅದಕ್ಕೇ ಅದು ಸಪಾದ ಭಕ್ಷ್ಯ. ಅಂಗಡಿಯಲ್ಲಿ "ರವೆ ಒಂದೂಕಾಲು ಕೇಜಿ, ಸಕ್ಕರೆ ಒಂದೂಕಾಲು" ಅನ್ನುತ್ತಿದ್ದಂತೆ ಅಂಗಡಿಯವರು ಮುಖ ಅರಳಿಸಿ, "ಸತ್ಯನಾರಾಯಣ ಪೂಜೆನಾ ಸಾರ್? ಒಳ್ಳೇದಾಗುತ್ತೆ ನಿಮಗೆ" ಎಂದರು. ಎಲ್ಲಿಂದ ಶುರು ಮಾಡಿ ವಿವರಿಸಲಿ? ತುಪ್ಪವನ್ನೂ ಕೇಳಿದೆ.

ಪೂಜೆಯ ದಿನ ಹನ್ನೆರಡೂವರೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗಿನಿಂದ ಪುರೋಹಿತರ ದನಿ. ಅವರಿಗೆ ಬೆಳಿಗ್ಗೆ ಇನ್ನೊಂದು ಮನೆಯ ಪೂಜೆ ಇತ್ತಂತೆ. ಸಾಧು ವ್ಯಾಪಾರಿ ಆಗಷ್ಟೇ ಜೈಲಿಗೆ ಹೋಗುತ್ತಿದ್ದ. ಇನ್ನೂ ಎರಡು ಅಧ್ಯಾಯ, ಮಂಗಳಾರತಿ, ಆಮೇಲೆ ಊಟ. ನಾನು ಗೇಟಿನ ಹತ್ತಿರವೇ ನಿಂತೆ.

ಪಂಚೆ ಉಟ್ಟು ಗೇಟಲ್ಲಿ ನಿಂತವನನ್ನು ನೆಂಟರು ಮನೆಯವನೇ ಅಂದುಕೊಂಡರು. ಒಬ್ಬರು "ಗಾಡಿ ಎಲ್ಲಿ ಹಾಕಲಿ?" ಅಂದರು. ತೋರಿಸಿದೆ. ಇನ್ನೊಬ್ಬರು ಕೀಲಿಯನ್ನೇ ಕೈಗಿಟ್ಟು ಒಳಗೆ ನಡೆದರು. ಶಂಖ ಊದುವ ಹೊತ್ತಿಗೆ ನಾನು ಪಕ್ಕದ ಮನೆಯವರ ಗೇಟಿಗೆ ಅಡ್ಡವಾಗಿದ್ದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ.

ಮಂಗಳಾರತಿ ಆದ ಮೇಲೆ ಗೆಳೆಯನ ಅಮ್ಮ ದೊನ್ನೆ ಹಿಡಿದು ಹೊರಗೆ ಬಂದರು. "ಪ್ರಸಾದ ಅಂತ ತಗೋಬೇಡಪ್ಪ, ಸಜ್ಜಿಗೆ ಅಂತ ತಿನ್ನು. ಆದ್ರೆ ಕೆಳಗೆ ಚೆಲ್ಲಬೇಡ, ಅದು ನನಗೋಸ್ಕರ." ಬಾಳೆಹಣ್ಣು, ತುಪ್ಪ ಧಾರಾಳವಾಗಿದ್ದವು. ಒಂದು ಕಾಳೂ ಚೆಲ್ಲದೆ ತಿಂದು ಇನ್ನೊಂದು ದೊನ್ನೆ ಕೇಳಿದೆ.

ಊಟದ ಪಂಕ್ತಿಯಲ್ಲಿ ಗೆಳೆಯ ಹೋಳಿಗೆಗೆ ತುಪ್ಪ ಬಡಿಸುತ್ತಾ ಬಗ್ಗಿ ಕಿವಿಯಲ್ಲಿ ಹೇಳಿದ: "ಮುಂದಿನ ತಿಂಗಳು ಮಗಳ ನಾಮಕರಣ. ಹೋಮ ಇದೆ, ಒಳಗೆ ಬರಬೇಡ. ಪಾರ್ಕಿಂಗ್ ಮಾತ್ರ ನೀನೇ ನೋಡ್ಕೋಬೇಕು."