ಬಿಸಿನೀರು ಬಂತು, ನಾಲ್ಕು ನಿಮಿಷ

ಹೋದ ವಾರ ಒಂದು ಹೋಟೆಲ್ ರಿವ್ಯೂ ಕನ್ನಡಕ್ಕೆ ತರುವ ಕೆಲಸ ಬಂತು. ಬರೆದವರು ಐದಕ್ಕೆ ಎರಡು ಸ್ಟಾರ್ ಕೊಟ್ಟಿದ್ದರು. ಇಂಗ್ಲಿಷ್‌ನಲ್ಲಿ ಇದ್ದದ್ದು ಮೂರೇ ಮಾತು: "ಲವ್ಲಿ ವ್ಯೂ ಆಫ್ ದ ನೇಬರ್ಸ್ ವಾಟರ್ ಟ್ಯಾಂಕ್. ಟು ಬಿ ಫೇರ್, ದ ಹಾಟ್ ವಾಟರ್ ಡಿಡ್ ಕಮ್, ಫಾರ್ ಫೋರ್ ಮಿನಿಟ್ಸ್. ಫುಡ್ ವಾಸ್ ನಾಟ್ ಗ್ರೇಟ್."

ಜೊತೆಗೆ ಯಾರೋ ಮೊದಲೇ ಮಾಡಿದ್ದ ಅನುವಾದವೂ ಇತ್ತು: "ನೆರೆಮನೆಯ ನೀರಿನ ಟ್ಯಾಂಕ್‌ನ ಸುಂದರ ನೋಟವಿದೆ. ನ್ಯಾಯವಾಗಿ ಹೇಳುವುದಾದರೆ, ನಾಲ್ಕು ನಿಮಿಷ ಬಿಸಿನೀರು ಬಂದಿತು. ಊಟ ತುಂಬಾ ಕೆಟ್ಟದಾಗಿತ್ತು."

ಮೊದಲ ವಾಕ್ಯ ಓದಿದರೆ ಇವರಿಗೆ ಟ್ಯಾಂಕ್ ನಿಜವಾಗಿಯೂ ಇಷ್ಟವಾಯಿತೇನೋ ಅನ್ನಿಸುತ್ತದೆ. ಕೊನೆಯದು ಓದಿದರೆ ಜಗಳಕ್ಕೆ ನಿಂತಿದ್ದಾರೆ ಅನ್ನಿಸುತ್ತದೆ. ಎರಡೂ ಅವರು ಹೇಳಿದ್ದಲ್ಲ.

ಕುಟುಕು ಎಲ್ಲಿ ಕಳೆದುಹೋಯಿತು ಅಂತ ಹುಡುಕಿದೆ. ಇಂಗ್ಲಿಷ್‌ನಲ್ಲಿ ಹೊಗಳಿಕೆ ಮೊದಲು ಬರುತ್ತದೆ, ಟ್ಯಾಂಕ್ ಕೊನೆಗೆ. ಕನ್ನಡದಲ್ಲಿ ಅದನ್ನೇ ಒಂದು ವಾಕ್ಯ ಮಾಡಿದರೆ 'ಟ್ಯಾಂಕ್‌ನ' ಮುಂದೆ ಹೋಗಿ ಕೂರುತ್ತದೆ, ಗುಟ್ಟು ಮೊದಲೇ ಬಯಲಾಗುತ್ತದೆ. ಅದಕ್ಕೇ ಒಡೆದು ಎರಡು ಮಾಡಿದೆ. 'ಸುಂದರ'ವನ್ನೂ ತೆಗೆದೆ. ನಾವು ಮಾತಲ್ಲಿ ಚುಚ್ಚುವಾಗ ಆ ಪದ ಜಾಸ್ತಿ ಬಳಸುವುದಿಲ್ಲ ಅಲ್ವಾ? 'ದೊಡ್ಡ ಹೋಟೆಲ್ ಅಂತೆ' ಅನ್ನುವಾಗ ಚುಚ್ಚುವುದು 'ದೊಡ್ಡ' ಅಲ್ಲ, 'ಅಂತೆ'. ಹಾಗಾಗಿ ನಾನು ಬರೆದದ್ದು: "ಕಿಟಕಿ ತೆಗೆದರೆ ಏನು ನೋಟ ಅಂತೀರಿ! ಎದುರಿಗೇ ಪಕ್ಕದ ಮನೆಯವರ ನೀರಿನ ಟ್ಯಾಂಕು."

'ಟು ಬಿ ಫೇರ್' ಅನ್ನುವುದಕ್ಕೆ 'ನ್ಯಾಯವಾಗಿ' ಅಂದರೆ ಕೋರ್ಟಿನ ಮಾತಾಗುತ್ತದೆ. ನಮ್ಮಲ್ಲಿ ಅದಕ್ಕೆ ಬೇರೆ ದಾರಿ ಇದೆ: "ಬಿಸಿನೀರು ಬರಲೇ ಇಲ್ಲ ಅನ್ನೋ ಹಾಗಿಲ್ಲ. ಬಂತು, ನಾಲ್ಕು ನಿಮಿಷ."

ಊಟದ ವಿಷಯದಲ್ಲಿ ಅವರ ಕೋಪ ಕಡಿಮೆ. "ಊಟ ಅಷ್ಟಕ್ಕಷ್ಟೆ" ಅಂದರೆ ಸಾಕು. ಅದನ್ನು 'ತುಂಬಾ ಕೆಟ್ಟದು' ಮಾಡುವ ಹಕ್ಕು ಅನುವಾದ ಮಾಡುವವರಿಗೆ ಇಲ್ಲ. ದುಡ್ಡು ಕೊಟ್ಟು ಉಳಿದುಕೊಂಡವರು ಅವರು, ಎಷ್ಟು ಬೇಜಾರಾಯಿತು ಅಂತ ಅಳೆದವರೂ ಅವರೇ. ಅಡುಗೆ ಮಾಡಿದವರಿಗೂ ಇಲ್ಲದ ಬೈಗುಳ ಯಾಕೆ ತಲುಪಬೇಕು?

ನಾನೂ ಒಂದು ಕಡೆ ಜಾರಿದ್ದೆ. ಟ್ಯಾಂಕಿನ ಮಾತಿಗೆ "ನೋಡಿ ಜನ್ಮ ಪಾವನವಾಯಿತು" ಅಂತ ಸೇರಿಸಿದ್ದೆ. ಕನ್ನಡವೇನೋ ಸೊಗಸಾಗಿತ್ತು. ಆದರೆ ಇಂಗ್ಲಿಷ್ ತೋರಿಸದೆ, ಸ್ಟಾರ್ ಮುಚ್ಚಿಟ್ಟು, ತಂಗಿಗೆ ಓದಲು ಕೊಟ್ಟು "ಇವರು ಎಷ್ಟು ಸ್ಟಾರ್ ಕೊಟ್ಟಿರಬಹುದು ಹೇಳೇ" ಅಂದೆ. "ಒಂದು" ಅಂದಳು. ಆ ಸಾಲು ಹೊಡೆದುಹಾಕಿದೆ. ಒಮ್ಮೆ ಓದಿದವಳನ್ನೇ ಮತ್ತೆ ಕೇಳಿ ಪ್ರಯೋಜನವಿಲ್ಲ, ಆದ್ದರಿಂದ ಈ ಸಲ ಅತ್ತೆಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಟ್ಯಾಂಕಿನ ಹತ್ತಿರ ನಕ್ಕರು.

"ಎರಡು ಕೊಟ್ಟಿರ್ತಾರೆ" ಅಂದರು. "ಬಿಸಿನೀರು ಸರಿಯಾಗಿ ಬಂದಿದ್ರೆ ಮೂರು ಕೊಡ್ತಿದ್ರೇನೋ."