ತಿಂಗಳ ಮೊದಲ ದಿನವೇ ಕೊನೆಯ ದಿನದ ಬೆಲೆ ಗೊತ್ತಿರುವ ಸ್ಟ್ರಾಟಜಿ

"ತಿಂಗಳಿಗೆ ಒಂದು ಸಲ ನೋಡಿದರೆ ಸಾಕು, ಉಳಿದ ದಿನ ಆರಾಮ" ಅಂತ ಒಂದು ಬ್ಯಾಕ್‌ಟೆಸ್ಟ್ ಗ್ರಾಫ್ ಹಾಕುತ್ತಾರೆ ನೋಡಿ, ಅಂಥದ್ದು ಕಂಡರೆ ನನಗೆ ಮೊದಲು ಅನುಮಾನ ಬರುವುದು ತಾರೀಕಿನ ಮೇಲೆ. ಕಾಮೆಂಟುಗಳಲ್ಲಿ ಎಲ್ಲರೂ ಬ್ರೋಕರೇಜ್ ಹಿಡಿದಿದ್ದೀರಾ, ಸ್ಲಿಪೇಜ್ ಹಿಡಿದಿದ್ದೀರಾ ಅಂತ ಕೇಳುತ್ತಾರೆ. ತಿಂಗಳಿಗೊಮ್ಮೆ ವ್ಯಾಪಾರ ಮಾಡುವವನಿಗೆ ಅದೆಲ್ಲ ಸಣ್ಣ ಖರ್ಚು. ಸಿಗ್ನಲ್ ಯಾವ ದಿನ ಗೊತ್ತಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಒಂದು ನಿಯಮ ತೆಗೆದುಕೊಳ್ಳೋಣ. ಇಂಡೆಕ್ಸ್‌ನ ತಿಂಗಳ ಕೊನೆಯ ಬೆಲೆ ಹತ್ತು ತಿಂಗಳ ಸರಾಸರಿಗಿಂತ ಮೇಲಿದ್ದರೆ ಮುಂದಿನ ತಿಂಗಳು ಇಟ್ಟುಕೊಳ್ಳಬೇಕು, ಕೆಳಗಿದ್ದರೆ ಮಾರಿ ಸುಮ್ನೆ ಕೂರಬೇಕು. ಪ್ಯಾಂಡಾಸ್‌ನಲ್ಲಿ ಇದು ಎರಡೇ ಸಾಲು:

```python
m = close.resample('MS').last()
signal = m > m.rolling(10).mean()
```

ತೊಂದರೆ ಇರುವುದು ಆ `MS` ಒಳಗೆ. ಅದು ಫೆಬ್ರವರಿಯ ಕೊನೆಯ ಬೆಲೆಯನ್ನು ತೆಗೆದು ಫೆಬ್ರವರಿ 1 ಅನ್ನುವ ತಾರೀಕಿನ ಕೆಳಗೆ ಇಡುತ್ತದೆ. ಇದನ್ನು ಹಾಗೇ ದಿನದ ಬೆಲೆಗಳ ಜೊತೆ ಸೇರಿಸಿದರೆ, ತಿಂಗಳು ಶುರುವಾಗುವಾಗಲೇ ಅದರ ಅಂತ್ಯ ಗೊತ್ತಿರುತ್ತದೆ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ಗ್ರಾಫ್ ಮಾತ್ರ ಚೆಂದ ಬರುತ್ತದೆ.

2020ರಲ್ಲಿ ಎಸ್ ಆ್ಯಂಡ್ ಪಿ 500ರ ಮೇಲೆ ಇದನ್ನು ಓಡಿಸಿ ನೋಡಿ. ಜನವರಿ ಕೊನೆಗೆ ಇಂಡೆಕ್ಸ್ ಸುಮಾರು 3225, ಸರಾಸರಿ 3016ರ ಆಸುಪಾಸು. ನಿಯಮದ ಪ್ರಕಾರ ಫೆಬ್ರವರಿಯಲ್ಲಿ ಇಟ್ಟುಕೊಳ್ಳಲೇಬೇಕು. ಫೆಬ್ರವರಿ ಕೊನೆಗೆ 2954, ಸರಾಸರಿಗಿಂತ ಕೆಳಗೆ. ಅಂದರೆ ನಿಜವಾಗಿ ಪಾಲಿಸಿದವನು ಎಂಟು ಪರ್ಸೆಂಟ್ ಚಿಲ್ಲರೆ ಕಳೆದುಕೊಂಡೇ ಹೊರಗೆ ಬರುತ್ತಾನೆ. ಮತ್ತೆ ಒಳಗೆ ಹೋಗುವುದು ಮೇ ಕೊನೆಗೆ, 3044ಕ್ಕೆ. ಮಾರಿದ್ದಕ್ಕಿಂತ ಜಾಸ್ತಿ ಕೊಟ್ಟು ಕೊಂಡ ಹಾಗಾಯಿತು. ಆದರೆ `MS` ಬ್ಯಾಕ್‌ಟೆಸ್ಟ್ ಏನು ಮಾಡುತ್ತದೆ? ಫೆಬ್ರವರಿ ಶುರುವಿನಲ್ಲೇ 3225ರ ಹತ್ತಿರ ಮಾರುತ್ತದೆ, ಮೇ ಶುರುವಿನಲ್ಲಿ 2912ರ ಹತ್ತಿರ ಕೊಳ್ಳುತ್ತದೆ. ಒಂದು ಕಡೆ ಮೂರು ಪರ್ಸೆಂಟ್ ನಷ್ಟ, ಇನ್ನೊಂದು ಕಡೆ ಹತ್ತು ಪರ್ಸೆಂಟ್ ಮೇಲೆ ಲಾಭ. ನಿಯಮ ಅದೇ, ಡೇಟಾ ಅದೇ!

ಸರಿ ಮಾಡುವುದು ಸುಲಭ, `signal.shift(1)` ಹಾಕಿ ಒಂದು ತಿಂಗಳು ಮುಂದಕ್ಕೆ ತಳ್ಳಿದರೆ ಆಯಿತು. ಆದರೆ ಬೇರೆಯವರ ಕೋಡ್‌ನಲ್ಲಿ ಇಂಥದ್ದು ಎಲ್ಲಿ ಅಡಗಿದೆ ಅಂತ ಹುಡುಕುವುದು ಕಷ್ಟ, ಅದಕ್ಕೆ ನಾನು ಕೋಡ್ ಓದುವ ಮೊದಲೇ ಡೇಟಾ ಕತ್ತರಿಸುತ್ತೇನೆ. 2020ರ ಫೆಬ್ರವರಿ 14ಕ್ಕೆ ಡೇಟಾ ನಿಲ್ಲಿಸಿ ಮತ್ತೆ ಓಡಿಸಿ. ಆ ದಿನ ಇಂಡೆಕ್ಸ್ 3380, ಹಾಗಾಗಿ ಫೆಬ್ರವರಿ ಸಿಗ್ನಲ್ "ಇಟ್ಟುಕೋ" ಅನ್ನುತ್ತದೆ. ಪೂರ್ತಿ ಡೇಟಾ ಕೊಟ್ಟಾಗ ಅದೇ ಫೆಬ್ರವರಿ "ಮಾರು" ಅಂದಿತ್ತು. ಮುಂದಿನ ಬೆಲೆ ಬಂದ ಮೇಲೆ ಹಿಂದಿನ ತೀರ್ಮಾನ ಬದಲಾಗುವ ಸ್ಟ್ರಾಟಜಿ ಭವಿಷ್ಯ ನೋಡುತ್ತಿದೆ ಅಂತಲೇ ಅರ್ಥ, ಅಲ್ವಾ? ಹೀಗೆ ನಾಲ್ಕಾರು ತಾರೀಕಿಗೆ ಕತ್ತರಿಸಿ ನೋಡಿದರೆ, ಈ ಜಾತಿಯ ತಪ್ಪು ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಪರೀಕ್ಷೆಗೂ ಸಿಗದ ಒಂದು ಇದೆ, ಅದು ಷೇರುಗಳ ಪಟ್ಟಿ. ಒಂದೊಂದೇ ಷೇರು ಆರಿಸುವ ಸ್ಟ್ರಾಟಜಿಗೆ ಜನ ಇವತ್ತಿನ 500 ಹೆಸರು ಇಳಿಸಿಕೊಂಡು 2005ರಿಂದ ಓಡಿಸುತ್ತಾರೆ. ಆ ಪಟ್ಟಿಯಲ್ಲಿ ಲೇಮನ್ ಬ್ರದರ್ಸ್ ಇಲ್ಲ, ಅದು 2008ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಆಯಿತು. ಟೆಸ್ಲಾ ಇದೆ, ಆದರೆ ಅದು ಇಂಡೆಕ್ಸ್‌ಗೆ ಸೇರಿದ್ದೇ 2020ರ ಡಿಸೆಂಬರ್‌ನಲ್ಲಿ, ಆ ವರ್ಷ ಹಲವು ಪಟ್ಟು ಏರಿದ ಮೇಲೆ. ಸತ್ತವರನ್ನು ಬಿಟ್ಟು, ಗೆದ್ದವರನ್ನು ಗೆಲ್ಲುವ ಮೊದಲೇ ಕೊಂಡ ಹಾಗೆ. "ಬಿದ್ದ ಷೇರು ಕೊಳ್ಳು" ಅನ್ನುವ ಸ್ಟ್ರಾಟಜಿಗೆ ಇದು ಅತಿ ಹೆಚ್ಚು ಮೋಸ ಮಾಡುತ್ತದೆ, ಯಾಕೆಂದರೆ ಬಿದ್ದು ಏಳದೇ ಹೋದ ಕಂಪನಿಗಳು ಪಟ್ಟಿಯಲ್ಲೇ ಇಲ್ಲ. ಪಟ್ಟಿ ಸರಿಯಿದ್ದರೂ `dropna(axis=1)` ಅಂತ ಒಂದು ಸಾಲು ಬರೆದರೆ, ಮಧ್ಯದಲ್ಲಿ ನಿಂತುಹೋದ ಷೇರೆಲ್ಲ ಮತ್ತೆ ಮಾಯ. `ffill()` ಹಾಕಿದರೆ ದಿವಾಳಿಯಾದ ಕಂಪನಿ ತನ್ನ ಕೊನೆಯ ಬೆಲೆಯಲ್ಲೇ ಹಾಯಾಗಿ ಕೂತಿರುತ್ತದೆ.

ಆಯಾ ತಿಂಗಳ ಹಳೆಯ ಸದಸ್ಯರ ಪಟ್ಟಿ, ಡಿಲಿಸ್ಟ್ ಆದ ಷೇರುಗಳ ಬೆಲೆ ಸಮೇತ, ಬಿಟ್ಟಿ ಸಿಗುವುದು ಕಷ್ಟ. ಆದರೆ ಮೋಸ ಎಷ್ಟಿದೆ ಅಂತ ಅಳೆಯಲು ಅದು ಬೇಕಿಲ್ಲ. ನಿಮ್ಮ ಸ್ಟ್ರಾಟಜಿ ಪಕ್ಕಕ್ಕಿಡಿ. ನಿಮ್ಮ ಪಟ್ಟಿಯ ಎಲ್ಲ ಷೇರುಗಳನ್ನೂ ಪ್ರತಿ ಸಲ ಸಮ ಪಾಲಿನಲ್ಲಿ ಕೊಂಡ ಹಾಗೆ ಓಡಿಸಿ, ಎಸ್ ಆ್ಯಂಡ್ ಪಿ 500ರ ಈಕ್ವಲ್ ವೇಟ್ ಇಂಡೆಕ್ಸ್ ಜೊತೆ ಹೋಲಿಸಿ. ಡಿವಿಡೆಂಡ್ ಎರಡರಲ್ಲೂ ಇರಲಿ ಅಥವಾ ಎರಡರಲ್ಲೂ ಬೇಡ. ತಲೆಯೇ ಓಡಿಸದ ಆ ಪೋರ್ಟ್‌ಫೋಲಿಯೊ ನಿಜವಾದ ಇಂಡೆಕ್ಸನ್ನು ವರ್ಷಕ್ಕೆ ಎಷ್ಟು ಹಿಂದೆ ಹಾಕುತ್ತದೋ, ಅದರ ದೊಡ್ಡ ಪಾಲು ಪಟ್ಟಿಯ ಕೊಡುಗೆ. ಗ್ರಾಫ್ ಹಾಕುವವರು ಇದೊಂದು ಗೆರೆಯನ್ನೂ ಅದೇ ಚಿತ್ರದಲ್ಲಿ ಎಳೆದು ತೋರಿಸಲಿ, ಆಮೇಲೆ ಸ್ಲಿಪೇಜ್ ಬಗ್ಗೆ ಮಾತಾಡೋಣ.