ಮನೆ ಸೇರುವ ಮೊದಲೇ ಸೊಸೈಟಿ ಫಾರಂಗೆ ಓನರ್ ಸಹಿ ಬೇಕೇ?

ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಬಾಡಿಗೆಗೆ ಬರುವವರು ಅಸೋಸಿಯೇಷನ್‌ನ ನೋಂದಣಿ ಫಾರಂ ತುಂಬಿಕೊಡಬೇಕು. ಮನೆಯಲ್ಲಿ ಇರುವವರ ಹೆಸರು, ಗುರುತಿನ ಚೀಟಿ, ಗಾಡಿ ನಂಬರ್, ಅಗ್ರಿಮೆಂಟ್ ಪ್ರತಿ, ಕೊನೆಯಲ್ಲಿ ಬಾಡಿಗೆದಾರ ಮತ್ತು ಓನರ್ ಇಬ್ಬರ ಸಹಿ. ಈ ಸಹಿ ಆಗುವ ತನಕ ಬಾಡಿಗೆದಾರ ಮನೆ ಸೇರಬಾರದೇ? ಅಥವಾ ಸೇರಿದ ಮೇಲೆ ಮಾಡಿಸಿಕೊಂಡರೆ ಸಾಕೇ?

ಪರ: ಮೊದಲು ಫಾರಂ, ಆಮೇಲೆ ಅಡ್ವಾನ್ಸ್

ಮನೆ ಒಪ್ಪಿಗೆಯಾದ ಮೇಲೆ ಮೊದಲು ಟೋಕನ್ ಕೊಡುತ್ತೇವೆ. ನಂತರ ಅಗ್ರಿಮೆಂಟ್. ಆಮೇಲೆ ಅಡ್ವಾನ್ಸ್‌ನ ಉಳಿದ ಹಣ ಹೋಗುತ್ತದೆ, ಬೀಗದ ಕೈ ಬರುತ್ತದೆ. ಸೊಸೈಟಿ ಫಾರಂ ನೆನಪಾಗುವುದು ಸಾಮಾನಿನ ಲಾರಿ ಗೇಟ್ ಹತ್ತಿರ ನಿಂತು, ಸೆಕ್ಯೂರಿಟಿಯವರು "ಆಫೀಸಿಂದ ಲೆಟರ್ ತೋರಿಸಿ" ಅಂದಾಗ. ಅಷ್ಟು ಹೊತ್ತಿಗೆ ನಿಮ್ಮ ಹಣವೆಲ್ಲ ಆಚೆ ಕಡೆ ಸೇರಿರುತ್ತದೆ. ಫಾರಂ ಅಡ್ವಾನ್ಸ್‌ಗಿಂತ ಮುಂಚೆ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸೊಸೈಟಿಯ ಅನುಕೂಲಕ್ಕಲ್ಲ, ನಿಮ್ಮ ಹಣದ ಸಲುವಾಗಿ.

ನಮ್ಮಲ್ಲಿ ಬಾಡಿಗೆ ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಮಾಡುವುದು ರೂಢಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅದನ್ನು ತಪ್ಪಿಸಲು ಹನ್ನೊಂದು. ಇದರಿಂದ ಖರ್ಚು ಉಳಿಯುತ್ತದೆ ನಿಜ. ಆದರೆ ಎದುರಿಗೆ ಕೂತವರು ನಿಜವಾಗಿ ಮನೆಯ ಮಾಲೀಕರೇ ಅಂತ ಯಾವ ಸರ್ಕಾರಿ ಕಚೇರಿಯೂ ನೋಡುವುದಿಲ್ಲ. ಸ್ಟಾಂಪ್ ಪೇಪರ್ ಮೇಲೆ ಯಾರು ಬೇಕಾದರೂ "ಮಾಲೀಕ" ಅಂತ ಸಹಿ ಹಾಕಬಹುದು. ಅಸೋಸಿಯೇಷನ್ ಆಫೀಸಿಗೆ ಮಾತ್ರ ಇದು ಗೊತ್ತಿರುತ್ತದೆ. ಪ್ರತಿ ಫ್ಲ್ಯಾಟಿನ ಮೇಂಟೆನೆನ್ಸ್ ಬಿಲ್ ಯಾರ ಹೆಸರಿಗೆ ಹೋಗುತ್ತದೆ, ಅವರ ಫೋನ್ ನಂಬರ್, ಮೇಲ್ ಐಡಿ ಯಾವುದು ಎಲ್ಲ ಅವರ ದಾಖಲೆಯಲ್ಲಿದೆ. ಫಾರಂನ ಸಹಿಯನ್ನು ಅವರು ಅದರ ಜೊತೆ ಹೋಲಿಸಿ ನೋಡಬಲ್ಲರು. ಈ ಇಡೀ ವ್ಯವಹಾರದಲ್ಲಿ ಓನರ್‌ನ್ನು ಗುರುತಿಸಬಲ್ಲ ಮೂರನೆಯವರು ಅವರೊಬ್ಬರೇ.

ಬೆಂಗಳೂರಿನಲ್ಲಿ ಭೋಗ್ಯದ ಹೆಸರಲ್ಲಿ ನಡೆಯುವ ಮೋಸ ಗಮನಿಸಿ. ಮಧ್ಯವರ್ತಿಯೊಬ್ಬ ಓನರ್ ಹತ್ತಿರ ತಿಂಗಳ ಬಾಡಿಗೆಗೆ ಮನೆ ತೆಗೆದುಕೊಳ್ಳುತ್ತಾನೆ. ಅದೇ ಮನೆಯನ್ನು ಇನ್ನೊಂದು ಕುಟುಂಬಕ್ಕೆ ಲೀಸ್ ಅಂತ ಕೊಟ್ಟು ಇಪ್ಪತ್ತು ಲಕ್ಷ ಇಸಿದುಕೊಳ್ಳುತ್ತಾನೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಸರಿಯಾಗಿ ಕಟ್ಟುತ್ತಾನೆ, ಆಮೇಲೆ ನಿಲ್ಲಿಸುತ್ತಾನೆ. ಓನರ್ ಬಂದು "ಬಾಡಿಗೆ ಎಲ್ಲಿ?" ಅಂದಾಗಲೇ ಆ ಕುಟುಂಬಕ್ಕೆ ತಾವು ಹಣ ಕೊಟ್ಟವನು ಓನರ್ ಅಲ್ಲ ಅಂತ ಗೊತ್ತಾಗುವುದು. ಓನರ್ ತಪ್ಪೂ ಇಲ್ಲ, ಇವರ ತಪ್ಪೂ ಇಲ್ಲ, ಇಪ್ಪತ್ತು ಲಕ್ಷ ಮಾತ್ರ ಇಲ್ಲ. ಹಣ ಕೊಡುವ ಮುಂಚೆ "ಸೊಸೈಟಿ ಫಾರಂಗೆ ಓನರ್ ಸಹಿ ಹಾಕಿಸಿಕೊಡಿ, ಆಫೀಸಿನವರು ಸರಿ ಅಂದ ದಿನ ಹಣ ಹಾಕ್ತೀವಿ" ಅಂದಿದ್ದರೆ ಆ ಮಧ್ಯವರ್ತಿ ಅಲ್ಲೇ ಸಿಕ್ಕಿಬೀಳುತ್ತಿದ್ದ. ಫಾರಂನಲ್ಲಿ ಬಾಡಿಗೆಯೋ ಲೀಸೋ ಅಂತ ಬರೆಯುವ ಜಾಗ ಇರಲಿ ಬಿಡಲಿ, ಅಗ್ರಿಮೆಂಟ್ ಪ್ರತಿಯನ್ನು ಜೊತೆಗೆ ಇಡಬೇಕಲ್ವಾ? ಅದನ್ನು ಓನರ್ ನೋಡುತ್ತಾರೆ.

ಇನ್ನೊಂದು ವಿಷಯ ಮೇಂಟೆನೆನ್ಸ್ ಬಾಕಿ. ತಿಂಗಳಿಗೆ 30,000 ಬಾಡಿಗೆಯ, 1,50,000 ಅಡ್ವಾನ್ಸಿನ ಮನೆ ಅಂದುಕೊಳ್ಳಿ. ಮೇಂಟೆನೆನ್ಸ್ 5,000. ಓನರ್ ಎಂಟು ತಿಂಗಳಿಂದ ಅದನ್ನು ಕಟ್ಟಿಲ್ಲ, ಒಟ್ಟು 40,000 ಬಾಕಿ. ಬಾಕಿ ತೀರುವ ತನಕ ಅಸೋಸಿಯೇಷನ್ ಫಾರಂ ಒಪ್ಪುವುದಿಲ್ಲ. ಇದು ಅಡ್ವಾನ್ಸ್ ಕೊಡುವ ಮೊದಲೇ ಗೊತ್ತಾದರೆ ದಾರಿ ಸುಲಭ. 40,000 ನೇರವಾಗಿ ಅಸೋಸಿಯೇಷನ್ ಖಾತೆಗೆ ಹಾಕುತ್ತೀರಿ, ಉಳಿದ 1,10,000 ಓನರ್‌ಗೆ. ಎರಡೂ ಸೇರಿ ಅಡ್ವಾನ್ಸ್ ಅಂತ ಅಗ್ರಿಮೆಂಟಿನಲ್ಲಿ ಬರೆಸುತ್ತೀರಿ. ಪೂರ್ತಿ ಹಣ ಓನರ್‌ಗೆ ಹೋದ ಮೇಲೆ ಗೊತ್ತಾದರೆ? ಓನರ್ "ಮುಂದಿನ ವಾರ ಕಟ್ತೀನಿ" ಅನ್ನುತ್ತಾರೆ, ಆಫೀಸಿನವರು ಇಲ್ಲ ಅನ್ನುತ್ತಾರೆ, ಲಿಫ್ಟ್ ಬಳಸಲು ಅನುಮತಿ ಇಲ್ಲದೆ ನಿಮ್ಮ ಬೀರು ಕೆಳಗೆ ನಿಂತಿರುತ್ತದೆ.

ಕೇಳುವುದಕ್ಕೆ ಸಂಕೋಚ ಬೇಡ. ಹೀಗೆ ಒಂದು ಮೆಸೇಜ್ ಕಳಿಸಿದರೆ ಸಾಕು: "ಸರ್, ನಮಸ್ಕಾರ. ಸೊಸೈಟಿ ಆಫೀಸಿಂದ ಫಾರಂ ತಂದು ನನ್ನ ಭಾಗ ತುಂಬಿದ್ದೇನೆ. ನೀವು ಸಹಿ ಹಾಕಿಕೊಟ್ಟರೆ ಶುಕ್ರವಾರ ಆಫೀಸಿಗೆ ಕೊಟ್ಟು, ಅವರು ಒಪ್ಪಿದ ತಕ್ಷಣ ಉಳಿದ ಅಡ್ವಾನ್ಸ್ ಹಾಕುತ್ತೇನೆ." ಓನರ್ ಹೊರದೇಶದಲ್ಲಿದ್ದರೆ ಸಹಿ ಹಾಕಿದ ಫಾರಂ ಸ್ಕ್ಯಾನ್ ಮಾಡಿ ಅಸೋಸಿಯೇಷನ್‌ನಲ್ಲಿ ದಾಖಲಾದ ಮೇಲ್ ಐಡಿಯಿಂದಲೇ ಆಫೀಸಿಗೆ ಕಳಿಸಲು ಹೇಳಿ. ಆ ಮೇಲ್‌ನಲ್ಲಿ ನಿಮ್ಮನ್ನೂ ಸೇರಿಸಲಿ. ಅವರ ಪರವಾಗಿ ಅಣ್ಣನೋ ಭಾವನೋ ಸಹಿ ಹಾಕುವುದಾದರೆ ಓನರ್ ಬರೆದುಕೊಟ್ಟ ಅಧಿಕಾರ ಪತ್ರ, ಅಂದರೆ ಜಿಪಿಎ ಪ್ರತಿ ನೋಡಿ. ಅದರಲ್ಲಿ ಬಾಡಿಗೆಗೆ ಕೊಡುವ ಮತ್ತು ಹಣ ಪಡೆಯುವ ಅಧಿಕಾರ ಎರಡೂ ಬರೆದಿರಬೇಕು.

ಎಚ್ಚರದಿಂದ ಕೇಳಬೇಕಾದ ಒಂದು ಮಾತಿದೆ: "ಅಸೋಸಿಯೇಷನ್‌ನವರಿಗೆ ಬಾಡಿಗೆ ಅಂತ ಹೇಳಬೇಡಿ, ನಮ್ಮ ಸಂಬಂಧಿಕರು ಅಂತ ಹೇಳಿ." ಹೀಗೆ ಹೇಳುವವರ ಮನೆ ಎಷ್ಟೇ ಚೆನ್ನಾಗಿರಲಿ, ಬೇರೆ ಮನೆ ನೋಡಿ. ಸುಳ್ಳಿನಿಂದ ಶುರುವಾದ ವಾಸದಲ್ಲಿ ನಾಳೆ ಪಾರ್ಕಿಂಗ್ ಜಗಳ ಬಂದರೂ ನೀವು ಬಾಡಿಗೆದಾರ ಅಂತ ಹೇಳಿಕೊಳ್ಳುವ ಹಾಗಿಲ್ಲ.

ವಿರೋಧ: ಬೇರೆಯವರ ಲೆಕ್ಕಕ್ಕೆ ಬಾಡಿಗೆದಾರ ಯಾಕೆ ಕಾಯಬೇಕು?

ಓನರ್ ಯಾರು ಅಂತ ತಿಳಿದುಕೊಳ್ಳಬೇಕು, ಒಪ್ಪುತ್ತೇನೆ. ಆದರೆ ಅದಕ್ಕೆ ಸೊಸೈಟಿ ಫಾರಂ ಸರಿಯಾದ ಸಾಧನ ಅಲ್ಲ. ಆಫೀಸಿನಲ್ಲಿ ಸಹಿ ಹೋಲಿಸಿ ನೋಡುತ್ತಾರೆ ಅನ್ನುವುದು ಒಳ್ಳೆಯ ಆಸೆ. ಎಷ್ಟೋ ಕಡೆ ಮ್ಯಾನೇಜರ್ ಫಾರಂನಲ್ಲಿ ಎಲ್ಲ ಜಾಗ ತುಂಬಿದೆಯೇ ಅಂತ ನೋಡಿ ಫೈಲಿಗೆ ಹಾಕುತ್ತಾರೆ, ಅಷ್ಟೆ. ಮೇಲೆ ಹೇಳಿದ ಮಧ್ಯವರ್ತಿ ಓನರ್ ಸಹಿಯನ್ನು ತಾನೇ ಗೀಚಿ ಕೊಟ್ಟರೂ ಅದು ಅಲ್ಲಿ ಹಾದುಹೋಗಬಹುದು. ಆಫೀಸು ಒಪ್ಪಿತು ಅಂತ ನಂಬಿ ಹಣ ಹಾಕಿದವರಿಗೆ ಅಸೋಸಿಯೇಷನ್ ಯಾವ ಹೊಣೆಯನ್ನೂ ಹೊರುವುದಿಲ್ಲ.

ಮಾಲೀಕರ ಹೆಸರು ಬೇಕಿದ್ದರೆ ಸರ್ಕಾರಿ ದಾಖಲೆ ಇದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ಪಡೆದರೆ ಆ ಫ್ಲ್ಯಾಟ್ ಕೊನೆಗೆ ಯಾರ ಹೆಸರಿಗೆ ನೋಂದಣಿಯಾಗಿದೆ ಅಂತ ಕಾಣುತ್ತದೆ. ಜೊತೆಗೆ ಈ ವರ್ಷದ ಆಸ್ತಿ ತೆರಿಗೆ ರಸೀದಿ ಕೇಳಿ. ಎರಡರಲ್ಲೂ ಇರುವ ಹೆಸರು, ಅಗ್ರಿಮೆಂಟಿನ ಹೆಸರು, ನೀವು ಹಣ ಹಾಕುವ ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿದೆಯೇ ನೋಡಿ. ಓನರ್ ಜೊತೆ ಒಮ್ಮೆ ವೀಡಿಯೊ ಕಾಲ್‌ನಲ್ಲಿ ಮಾತಾಡಿ. ಇದಕ್ಕೆ ಯಾರ ಅನುಮತಿಗೂ ಕಾಯಬೇಕಿಲ್ಲ.

ನನ್ನ ದೊಡ್ಡ ಆಕ್ಷೇಪ ಬೇರೆ. "ಫಾರಂ ಒಪ್ಪಿದ ಮೇಲೆಯೇ ಮನೆ" ಅಂತ ಬಾಡಿಗೆದಾರರೇ ಹೇಳಲು ಶುರು ಮಾಡಿದರೆ, ಯಾರು ಬರಬೇಕು ಯಾರು ಬರಬಾರದು ಅನ್ನುವ ತೀರ್ಮಾನ ಅಸೋಸಿಯೇಷನ್ ಕೈಗೆ ಹೋಗುತ್ತದೆ. ಹೆಸರು, ಗಾಡಿ ನಂಬರ್ ಕೇಳುವ ಫಾರಂ ಬೇಗ ಸಂದರ್ಶನ ಆಗಿಬಿಡುತ್ತದೆ. ಮದುವೆ ಆಗಿದೆಯಾ? ಯಾವ ಕಡೆಯವರು? ಮನೆಯಲ್ಲಿ ನಾನ್‌ವೆಜ್ ಮಾಡ್ತೀರಾ? ಮದುವೆಯಾಗದ ಹುಡುಗಿಯರು, ಒಂಟಿ ತಾಯಂದಿರು, ಮುಸ್ಲಿಮರು ಈ ಪ್ರಶ್ನೆಗಳ ಮುಂದೆ ಎಷ್ಟು ಸಲ ನಿಂತಿದ್ದಾರೆ ಅಂತ ಮನೆ ಹುಡುಕಿದವರನ್ನು ಕೇಳಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಬೈಲಾ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಅದು ಸರಿ. ಕಸ ಎಲ್ಲಿ ಹಾಕಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವ ನಿಯಮ ಪಾಲಿಸೋಣ. ಆದರೆ ನಿಯಮ ಪಾಲಿಸುವುದು ಬೇರೆ, ಓನರ್ ಒಪ್ಪಿ ಸಹಿ ಹಾಕಿದ ಅಗ್ರಿಮೆಂಟಿನ ಮೇಲೆ ಇನ್ನೊಬ್ಬರ ಒಪ್ಪಿಗೆಗೆ ಬಾಗಿಲಲ್ಲಿ ನಿಲ್ಲುವುದು ಬೇರೆ.

ಬಾಕಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 40,000 ಓನರ್ ಮತ್ತು ಅಸೋಸಿಯೇಷನ್ ನಡುವಿನ ಸಾಲ. ಅದನ್ನು ವಸೂಲು ಮಾಡಲು ಅಸೋಸಿಯೇಷನ್‌ಗೆ ಕಾನೂನಿನ ದಾರಿ ಇದೆ. ಬಾಡಿಗೆದಾರನ ಲಾರಿ ತಡೆಯುವುದು ಆ ದಾರಿ ಅಲ್ಲ. ಕಾಯುವುದಕ್ಕೆ ಬೆಲೆ ಕೂಡ ಇದೆ. 30,000 ಬಾಡಿಗೆಗೆ ದಿನಕ್ಕೆ 1,000. ಹಳೆ ಮನೆ ಖಾಲಿ ಮಾಡುತ್ತೇನೆ ಅಂತ ತಿಂಗಳ ಮುಂಚೆ ನೋಟಿಸ್ ಕೊಟ್ಟಾಗಿದೆ. ಓನರ್ ಸಹಿ ಹತ್ತು ದಿನ ತಡವಾದರೆ ಹಳೆ ಓನರ್‌ಗೂ ಕೊಡಬೇಕು, ಹೊಸ ಅಗ್ರಿಮೆಂಟಿನ ಬಾಡಿಗೆಯೂ ಶುರುವಾಗಿರುತ್ತದೆ. ಮಕ್ಕಳ ಶಾಲೆ ಜೂನ್‌ನಲ್ಲಿ ತೆರೆಯುವ ಹೊತ್ತಿಗೆ ಈ ಹತ್ತು ದಿನ ಸಣ್ಣದಲ್ಲ.

ದಾಖಲೆಗಳ ಮಾತೂ ಇದೆ. ಅಡ್ವಾನ್ಸ್‌ಗಿಂತ ಮೊದಲೇ ಫಾರಂ ಕೊಟ್ಟರೆ ಇಡೀ ಕುಟುಂಬದ ಆಧಾರ್ ಪ್ರತಿಗಳು ಆಫೀಸಿನ ಫೈಲಿಗೆ ಸೇರುತ್ತವೆ. ಮನೆ ಕೈತಪ್ಪಿದರೂ ಅವು ವಾಪಸ್ ಬರುವುದಿಲ್ಲ. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ.

ಸಹಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡಿಕೊಡುವುದು ಓನರ್ ಕೆಲಸ. ಆ ಕೆಲಸವನ್ನು ಅಗ್ರಿಮೆಂಟಿನಲ್ಲೇ ಅವರ ಮೇಲೆ ಹಾಕಬೇಕು, ಅದೂ ಹಣಕ್ಕೆ ಜೋಡಿಸಿ. ನಾನು ಬರೆಸುವ ಸಾಲುಗಳು ಇವು:

"ಬಾಡಿಗೆದಾರರು ಮನೆ ಸೇರಿದ ಹತ್ತು ದಿನಗಳ ಒಳಗೆ ಮಾಲೀಕರು ಅಸೋಸಿಯೇಷನ್‌ನ ನೋಂದಣಿ ಫಾರಂಗೆ ಸಹಿ ಹಾಕಿ ಸಲ್ಲಿಸತಕ್ಕದ್ದು. ಈ ದಿನಾಂಕಕ್ಕಿಂತ ಹಿಂದಿನ ಮೇಂಟೆನೆನ್ಸ್ ಬಾಕಿ ಪೂರ್ತಿ ಮಾಲೀಕರದ್ದು. ನೋಂದಣಿ ಆಗದ ಕಾರಣ ಬಾಡಿಗೆದಾರರಿಗೆ ಮನೆ ಬಳಸಲು ಅಡ್ಡಿಯಾದರೆ, ಆ ದಿನಗಳ ಬಾಡಿಗೆ ಕೊಡಬೇಕಾಗಿಲ್ಲ. ಅಡ್ಡಿ ಹದಿನೈದು ದಿನ ಮೀರಿದರೆ ಬಾಡಿಗೆದಾರರು ನೋಟಿಸ್ ಇಲ್ಲದೆ ಮನೆ ಬಿಡಬಹುದು, ಅಡ್ವಾನ್ಸ್ ಪೂರ್ತಿ ಹಿಂದಿರುಗಿಸತಕ್ಕದ್ದು."